ಏಳೂವರೆಗೆ ಎದ್ದವನ ಕಣ್ಣಿಗೆ ಕಂಡ ಕಡಲು

ಯುಗಾದಿಗೆ ಊರಿಗೆ ಬಂದಿದ್ದೆ. ಪಾಂಡವಪುರದ ಹತ್ತಿರ ನಮ್ಮೂರು. ಹೊಸತೊಡಕಿನ ಬಾಡೂಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಫೋನಿನಲ್ಲಿದ್ದ ಫೋಟೊಗಳನ್ನು ತೋರಿಸಿದೆ. ಫೆಬ್ರವರಿಯಲ್ಲಿ ತಮಿಳುನಾಡಿನ ತರಂಗಂಬಾಡಿ ಹತ್ತಿರ ಒಂದು ಮೀನುಗಾರರ ಹಳ್ಳಿಯಲ್ಲಿ ನಾಲ್ಕು ದಿನ ಇದ್ದು ಬಂದಿದ್ದೆ. ಮರಳಿನ ಮೇಲೆ ಸಾಲಾಗಿ ದೋಣಿಗಳು, ಹರಡಿದ ಬಲೆ, ಬೇವಿನ ನೆರಳಲ್ಲಿ ಮಲಗಿದ ಗಂಡಸರು. ಚಿಕ್ಕಪ್ಪನ ಮಗ ನೋಡಿ ನಕ್ಕ.

"ಒಳ್ಳೆ ಜನ ಕಣಣ್ಣ. ಹತ್ ಗಂಟೆಗೇ ನಿದ್ದೆ ಹೊಡೀತಾವ್ರೆ. ನಾವಾದ್ರೆ ಇಷ್ಟೊತ್ಗೆ ಗದ್ದೇಲಿರ್ತೀವಿ."

ಅವನದೇನೂ ತಪ್ಪಿಲ್ಲ. ಹದಿನಾಲ್ಕು ವರ್ಷದಿಂದ ಚೆನ್ನೈನಲ್ಲಿರುವ ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ದಿನ ಏಳೂವರೆಗೆ ಎದ್ದು, ಕಾಫಿ ಲೋಟ ಹಿಡಿದು ದಡಕ್ಕೆ ಹೋದರೆ ಎಲ್ಲರೂ ಆರಾಮಾಗಿದ್ದರು. ಆಹಾ, ಎಷ್ಟು ನಿಧಾನದ ಬದುಕು ಅಂತ ಖುಷಿಪಟ್ಟೆ.

ಎರಡನೇ ದಿನ ರಾತ್ರಿ ಮೂರಕ್ಕೇ ಎಚ್ಚರವಾಯಿತು. ನಾನಿದ್ದ ಮನೆಯ ಯಜಮಾನ ಹಿಡಿಕೆಯ ಡಬ್ಬಿಗೆ ತಂಗಳನ್ನ ತುಂಬಿಸಿಕೊಳ್ಳುತ್ತಿದ್ದ. ನೀರಲ್ಲಿ ನೆನೆದ ಅನ್ನ, ನಾಲ್ಕು ಸಣ್ಣ ಈರುಳ್ಳಿ, ಹಸಿಮೆಣಸಿನಕಾಯಿ. ನಮ್ಮ ಕಡೆ ತಂಗಳು ಹಿಟ್ಟಿಗೆ ಮಜ್ಜಿಗೆ ಕಲಸಿಕೊಂಡು ಹೊಲಕ್ಕೆ ಹೋಗುವುದಿಲ್ವಾ, ಅದರ ತಮ್ಮನೇ ಸರಿ. ನಾನೂ ಹಿಂದೆ ಹೋದೆ.

ಇಷ್ಟು ಬೇಗ ಯಾಕೆ ಅಂತ ಕೇಳಿದ್ದಕ್ಕೆ ಅವನು ಬೆನ್ನು ಮುಟ್ಟಿ ತೋರಿಸಿದ. ಗಾಳಿ ಬೆನ್ನ ಕಡೆಯಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತಿತ್ತು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಅಷ್ಟು ಬೇಗ ಆರುವುದಿಲ್ಲ. ಹಾಗಾಗಿ ಬೆಳಗಿನ ಜಾವದವರೆಗೂ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ, ನೀರೂ ಶಾಂತವಾಗಿರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಅಲೆ ಜೋರಾಗುತ್ತದೆ. ಆ ಹಳ್ಳಿಗೆ ಬಂದರು ಇಲ್ಲ. ದೋಣಿಯನ್ನು ಮರಳಿನಿಂದ ತಳ್ಳಿ, ಒಡೆಯುವ ಅಲೆಗಳನ್ನು ದಾಟಿಸಬೇಕು. ನಾಲ್ವರು ಸೊಂಟದುದ್ದ ನೀರಲ್ಲಿ ನಿಂತು ದೊಡ್ಡ ಅಲೆಗಳನ್ನು ಹೋಗಲು ಬಿಟ್ಟರು. ಸ್ವಲ್ಪ ಸಮ ಕಂಡ ತಕ್ಷಣ ಒಂದೇ ಉಸಿರಿಗೆ ತಳ್ಳಿ ಹತ್ತಿದರು. ಕತ್ತಲಿದ್ದರೆ ಇನ್ನೊಂದು ಅನುಕೂಲ: ನೈಲಾನಿನ ಸಣ್ಣ ಎಳೆ ಮೀನಿಗೆ ಕಾಣುವುದಿಲ್ಲ.

ಇದನ್ನು ಹೇಳಿ ತಮ್ಮನನ್ನು ಕೇಳಿದೆ. "ನಾಲೆ ನೀರಿನ ಸರದಿ ರಾತ್ರಿ ಎರಡಕ್ಕೆ ಬಂದ್ರೆ ನೀನೂ ಬ್ಯಾಟ್ರಿ ಹಿಡ್ಕೊಂಡು ಗದ್ದೆಗೆ ಹೋಗ್ತೀಯ. ಬೆಳಿಗ್ಗೆ ಮಲಗಿರೋವಾಗ ಯಾರಾದ್ರೂ ಫೋಟೊ ತೆಗೆದು ಸೋಮಾರಿ ಅಂದ್ರೆ?"

"ನಂಗೇನು ದಿನಾ ಬತ್ತದಾ ಸರದಿ?" ಅಂದ. ಅದೇ ವ್ಯತ್ಯಾಸ. ಅವರಿಗೆ ದಿನಾ ಬರುತ್ತದೆ.

ದೋಣಿಗಳು ಏಳರ ಹೊತ್ತಿಗೆ ತಿರುಗಿ ಬಂದವು. ಮೀನು ಹರಾಜಾಗಿದ್ದು ಹತ್ತು ನಿಮಿಷದಲ್ಲಿ. ಬಲೆಯ ಕೆಲಸ ಮುಗಿಯಲು ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ನಾನು ಮೊದಲ ದಿನ ಸುಮ್ನೆ ಕೂತಿದ್ದಾರೆ ಅಂದುಕೊಂಡವರು ಈ ಕೆಲಸದಲ್ಲಿದ್ದರು.

ನಮ್ಮ ಕಡೆ ಕನ್ನಂಬಾಡಿ ಹಿನ್ನೀರಿನಲ್ಲಿ ಹರಿಗೋಲಿನವರು ಸಂಜೆ ಬಲೆ ಬಿಟ್ಟು ಮನೆಗೆ ಬಂದು, ಬೆಳಿಗ್ಗೆ ಹೋಗಿ ಎತ್ತುತ್ತಾರೆ. ಆ ಹಳ್ಳಿಯಲ್ಲಿ ಹಾಗಾಗದು. ಇವರ ಬಲೆ ನೀರಿನ ಜೊತೆ ತೇಲುತ್ತದೆ, ದೋಣಿಯೂ ಅದರ ಜೊತೆಗೇ ಇರಬೇಕು. ಹಿಡಿಯುವ ಬಗೆ ಮಾತ್ರ ಎರಡೂ ಕಡೆ ಒಂದೇ. ಮೀನು ಬಲೆಯ ಕಣ್ಣಿಗೆ ತಲೆ ತೂರಿಸುತ್ತದೆ. ಹೊಟ್ಟೆ ದಪ್ಪ, ಮುಂದೆ ಹೋಗಲಾರದು. ಹಿಂದೆ ಸರಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಕಣ್ಣು ದೊಡ್ಡದಾದರೆ ಮೀನು ನುಸುಳಿ ಹೋಗುತ್ತದೆ, ಚಿಕ್ಕದಾದರೆ ಮೂತಿ ತಾಕಿಸಿ ವಾಪಸ್ಸಾಗುತ್ತದೆ. ಅದಕ್ಕೇ ಒಂದೊಂದು ಮೀನಿಗೆ ಒಂದೊಂದು ಬಲೆ.

ಆವತ್ತು ಬಲೆಯಲ್ಲಿ ಏಡಿ ಜಾಸ್ತಿ ಸಿಕ್ಕಿತ್ತು. ಏಡಿ ಸಿಕ್ಕರೆ ನಮಗೆ ಖುಷಿ, ಅವರಿಗೆ ತಲೆನೋವು. ಅದು ಎಳೆ ಕತ್ತರಿಸುತ್ತದೆ, ಬಿಡಿಸಲು ಹೋದರೆ ಬೆರಳನ್ನೂ ಹಿಡಿಯುತ್ತದೆ. ಒಂದು ಕಡೆ ಮೊರದಗಲ ಹರಿದಿತ್ತು. ವಯಸ್ಸಾದವರೊಬ್ಬರು ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿ ಎಳೆದುಕೊಂಡು ಕೂತರು. ಮೊದಲು ಮಾಡಿದ್ದೇನು ಗೊತ್ತಾ? ತೂತನ್ನು ಇನ್ನೂ ದೊಡ್ಡದು ಮಾಡಿದ್ದು. ತುಂಡಾಗಿ ನೇತಾಡುವ ಎಳೆಗಳನ್ನೆಲ್ಲ ಕತ್ತರಿಸಿ, ಗಟ್ಟಿ ಗಂಟು ಸಿಗುವವರೆಗೆ ಹೋದರು. ಆಮೇಲೆ ದಾರ ಸುತ್ತಿದ ಚಪ್ಪಟೆ ಸೂಜಿ ತೆಗೆದು, ಮೇಲಿನ ಗಂಟಿನಿಂದ ಶುರುಮಾಡಿ ಒಂದೊಂದೇ ಕಣ್ಣು ಕಟ್ಟುತ್ತಾ ಇಳಿದರು. ಅಳತೆಗೆ ಎರಡು ಬೆರಳು, ಅಷ್ಟೇ. ಮುಗಿದ ಮೇಲೆ ಯಾವುದು ಹೊಸತು, ಯಾವುದು ಹಳತು ಅಂತ ದಾರದ ಹೊಳಪಿನಿಂದ ಮಾತ್ರ ಗೊತ್ತಾಗುತ್ತಿತ್ತು.

ಬಲೆ ಒಣಗಿಸುವುದು ಯಾಕೆ ಅಂತ ಅವರನ್ನೇ ಕೇಳಿದೆ. ಅವರು ಚಿಕ್ಕವರಿದ್ದಾಗ ಹತ್ತಿದಾರದ ಬಲೆ. ಒಂದು ದಿನ ಒಣಗಿಸದಿದ್ದರೆ ಕೊಳೆಯಲು ಶುರು. ನೈಲಾನ್ ಕೊಳೆಯುವುದಿಲ್ಲ. ಆದರೆ ಲೋಳೆ, ಮೀನಿನ ಚೂರು ಮೆತ್ತಿಕೊಂಡ ಬಲೆಯನ್ನು ಹಾಗೇ ಗುಡ್ಡೆ ಹಾಕಿದರೆ ನಾರುತ್ತದೆ, ಇಲಿ ಬಂದು ಕಡಿಯುತ್ತದೆ. ಹರಡಿದರೆ ಎಲ್ಲಿ ಹರಿದಿದೆ ಅಂತಲೂ ಕಾಣುತ್ತದೆ. ಹಾಗಂತ ದಿನವಿಡೀ ಬಿಸಿಲಲ್ಲಿ ಬಿಡಬಾರದು. ನೈಲಾನಿಗೆ ಬಿಸಿಲೇ ಶತ್ರು. ಅವರು ಹಳೇ ಬಲೆಯ ಒಂದೆಳೆ ಕೈಗೆ ಕೊಟ್ಟು ಎಳಿ ಅಂದರು. ಬೆಳ್ಳಗಾಗಿದ್ದ ಎಳೆ ಪಟ್ಟನೆ ತುಂಡಾಯಿತು. ಹೊಸದನ್ನು ಎಳೆದೆ, ಬೆರಳು ಕೊಯ್ಯುವಂತಾಯಿತು. ಬಿಸಿಲು ಬಲಿಯುವ ಮೊದಲೇ ಬಲೆ ಮಡಚಿ ನೆರಳಿಗೆ ಹಾಕಿದರು. ಆಮೇಲೆ ಬೇವಿನ ಮರದ ಕೆಳಗೆ ನಿದ್ದೆ. ನನ್ನ ಫೋಟೊ ಆ ಹೊತ್ತಿನದು.

ಇಂಥ ಕಡೆ ಉಳಿಯಲು ಹೋಗುವವರ ಮೇಲೆ ನನ್ನದೊಂದು ತಕರಾರಿದೆ. ನಮ್ಮನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿ ಅಂತ ಕಾಡುತ್ತಾರೆ. ಅಲೆ ದಾಟುವಾಗ ಎಲ್ಲಿ ಹಿಡಿಯಬೇಕು, ಯಾವಾಗ ಬಗ್ಗಬೇಕು ಗೊತ್ತಿಲ್ಲದ ಒಬ್ಬ ಕೂತರೆ ನಾಲ್ವರಿಗೂ ಅಪಾಯ. ಇನ್ನೊಂದು ಊರಿನ ರೆಸಾರ್ಟಿನಲ್ಲಿ ನನಗೇ ಆಗಿತ್ತು. ಮೀನುಗಾರರ ಬದುಕು ತೋರಿಸುತ್ತೇವೆ ಅಂತ ತಿಂಡಿಯಾದ ಮೇಲೆ ದೋಣಿ ಹತ್ತಿಸಿ, ಖಾಲಿ ಬಲೆ ಎಸೆದು ಎಳೆದು ತೋರಿಸಿದರು. ದುಡ್ಡು ಮಾತ್ರ ಬಲೆ ತುಂಬ ತಗೊಂಡರು.

ತಮ್ಮನಿಗೆ ಈಗ ಆಸೆ ಹುಟ್ಟಿತು. "ಮೇ ರಜೇಲಿ ಮಕ್ಕಳನ್ನ ಕರ್ಕೊಂಡು ಹೋಗನ" ಅಂದ. ಬೇಡ ಅಂದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಮಂಗಳೂರು, ಉಡುಪಿ ಕಡೆ ಜೂನ್, ಜುಲೈ ರಜೆ. ದಸರಾ ಕಳೆದ ಮೇಲೆ ಹೋಗೋಣವೆಂದರೆ ಅಲ್ಲಿ ಹಿಂಗಾರು, ಕಡಲು ಒರಟು. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಅಷ್ಟರಲ್ಲಿ ದೊಡ್ಡವ್ವ ನಾನು ತಂದಿದ್ದ ಪೊಟ್ಟಣ ಬಿಚ್ಚಿದಳು. ನೆತ್ತಿಲಿ, ಬೆರಳುದ್ದದ ಒಣಮೀನು. ನಮ್ಮ ಸಂತೆಗೂ ಇಂಥವು ಬರುತ್ತವೆ. ಸಾರು ಮಾಡುವ ಮೊದಲು ಮೂರು ನಾಲ್ಕು ನೀರಲ್ಲಿ ತೊಳೆದರೂ ಹಲ್ಲಿಗೆ ಮರಳು ಸಿಗುತ್ತದೆ. ದೊಡ್ಡವ್ವ ಒಂದನ್ನು ಮುರಿದಳು, ಮೂಸಿದಳು, ಕೆಂಪು ಕಲೆ ಇದೆಯಾ ಅಂತ ಬೆಳಕಿಗೆ ಹಿಡಿದಳು. ಬೋಸಿಯಲ್ಲಿ ನೀರು ಹಾಕಿ ಒಂದು ಹಿಡಿ ಅಲ್ಲಾಡಿಸಿ, ಮೀನು ತೆಗೆದು, ತಳ ಸವರಿ ನೋಡಿದಳು.

"ಮಳ್ಳೇ ಇಲ್ವಲ್ಲೋ ಮಗ. ಎಲ್ಲಿ ಒಣಗಾಕಿದ್ರು?"

"ಹರಿದೋದ ಬಲೆ ಹಾಸಿ, ಅದರ ಮೇಲೆ ದೊಡ್ಡವ್ವ."

ಅವಳು ತಲೆಯಾಡಿಸಿ, ಸಾರಿಗೆ ಬದನೆಕಾಯಿ ಹೆಚ್ಚಲು ಕೂತಳು.