ಕೊಳಲು ನಿಲ್ಲಿಸಿ, ಲೇತ್ ಕೇಳಿಸಲಿ

ಈಗಷ್ಟೇ ಒಂದು ಕಿರುಚಿತ್ರ ನೋಡಿ ತಲೆ ಕೆಟ್ಟಿತು. ಲೋಹವನ್ನು ತಿರುಗಿಸ್ತಾ ಕಟ್ ಮಾಡೋ ಲೇತ್ ಯಂತ್ರದ ಮುದುಕ ಮೇಸ್ತ್ರಿ ಹುಡುಗನಿಗೆ "ಕಟ್ ಹೇಗಿದೆ ಅಂತ ಸದ್ದಲ್ಲೇ ತಿಳ್ಕೋ" ಅಂದು ಕಣ್ಣು ಮುಚ್ಚಿ ಕೇಳ್ತಾ ನಿಲ್ತಾನೆ. ತಕ್ಷಣ ಕೊಳಲು ಶುರು! ಸದ್ದು ಕಲಿಸೋ ಕತೆಯಲ್ಲಿ ಲೇತ್‌ನ ಸದ್ದೇ ಇಲ್ಲ. ಕಿವಿ ಅಂದರೆ ಪೂರ್ವಜನ್ಮದ ಪುಣ್ಯ ಅನ್ನೋ ಹಾಗೆ ತೋರಿಸಿದ್ದಾರೆ.

ಆ ಕತೆ ಹೀಗೆ ನಡೆಯಬೇಕಿತ್ತು. 25 ಮಿ.ಮೀ. ವ್ಯಾಸದ ಮೈಲ್ಡ್ ಸ್ಟೀಲ್ ರಾಡ್, ಅದನ್ನು ಹಿಡಿದು ತಿರುಗಿಸೋ ಚಕ್‌ನಿಂದ 150 ಮಿ.ಮೀ. ಹೊರಗೆ. ಕಟ್ ಮಾಡೋಕೆ ಎಚ್‌ಎಸ್‌ಎಸ್ ಅನ್ನೋ ಗಟ್ಟಿ ಉಕ್ಕಿನ ಟೂಲ್, 320 ಆರ್‌ಪಿಎಂ, 1 ಮಿ.ಮೀ. ಕಟ್. ರಾಡ್‌ನ ತುದಿಗೆ ಟೂಲ್ ಮುಟ್ಟಿದ್ದೇ ಕಿರ್ರ್ ಅಂತ ಕಿರುಚಾಟ. ಹುಡುಗ ಟೂಲನ್ನು ಮುಂದೆ ಸರಿಸೋ ಫೀಡ್ ಬಿಡಿಸೋಕೆ ಹೋಗ್ತಾನೆ.

"ತಡಿಯೋ, ಚಕ್ ಕಡೆ ಬರಲಿ."

ಚಕ್ ಹತ್ತಿರವಾದಂತೆ ಕೂಗು ಸತ್ತು, ಒಂದೇ ಸಮನೆ ಸುಯ್ ಅನ್ನೋ ಸದ್ದು ಉಳೀತು.

"ಟೂಲ್ ಮೊಂಡಾಗಿದ್ರೆ ಇಲ್ಲೂ ಕೂಗ್ಬೇಕಿತ್ತಲ್ವಾ?"

"ಹಾಗಾದ್ರೆ ರಾಡ್ ಅದುರ್ತಿದೆಯಾ, ಮೇಸ್ತ್ರಿ?"

ಅದುರದೇ ಇನ್ನೇನು? ಹೊರಚಾಚಿದ ಉದ್ದ ಎರಡು ಪಟ್ಟಾದರೆ, ಅದೇ ಒತ್ತಡಕ್ಕೆ ತುದಿ ಬಾಗೋದು ಎಂಟು ಪಟ್ಟು. ಇಲ್ಲಿ ಉದ್ದ ವ್ಯಾಸದ ಆರರಷ್ಟಿದೆ. ಮೂರು-ನಾಲ್ಕರಷ್ಟು ದಾಟಿದ ಮೇಲೆ ರಾಡ್‌ನ ಹೊರತುದಿ ಹಿಡಿಯೋ ಟೇಲ್‌ಸ್ಟಾಕ್ ಆಸರೆ ಬೇಕೇ ಬೇಕು.

ಆದರೂ ಮೇಸ್ತ್ರಿ ಇನ್ನೊಂದು ಪರೀಕ್ಷೆ ಮಾಡಿಸ್ತಾನೆ. ಲೇತ್ ನಿಲ್ಲಿಸಿ, ಗೇರ್ ಬದಲಿಸಿ, 210 ಆರ್‌ಪಿಎಂನಲ್ಲಿ ಮತ್ತೆ ತುದಿಯಿಂದ ಕಟ್. ಕೂಗು ಸಣ್ಣದಾಯ್ತು, ಆದರೆ ಶ್ರುತಿ ಹೆಚ್ಚುಕಮ್ಮಿ ಅದೇ. ಇದೇ ಗುಟ್ಟು. ಚಾಟರ್, ಅಂದರೆ ಈ ಅದುರಾಟ, ಆದರೆ ರಾಡೋ ಟೂಲೋ ತನ್ನ ಸ್ವಂತ ಶ್ರುತಿಯಲ್ಲಿ ಕೂಗುತ್ತೆ, ವೇಗ ಬದಲಿಸಿದರೂ ಅದು ಅಷ್ಟಾಗಿ ಬದಲಾಗಲ್ಲ. ಜಾಬ್, ಅಂದರೆ ಕಟ್ ಮಾಡೋ ತುಂಡು, ಓರೆಯಾಗಿ ಕೂತಿದ್ದರೆ ಪ್ರತಿ ಸುತ್ತಿಗೂ ಒಂದು ಟಕ್ ಬರುತ್ತೆ. ವೇಗ ಇಳಿಸಿದರೆ ಆ ಟಕ್ ಕೂಡ ನಿಧಾನವಾಗುತ್ತೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಆಸರೆ ಕೊಡಬೇಕು, ಎರಡನೆಯದಕ್ಕೆ ಚಕ್‌ನಲ್ಲಿ ಜಾಬ್ ಸರಿಯಾಗಿ ಕೂರಿಸಬೇಕು.

ಹುಡುಗ ತುದಿಗೆ ಸೆಂಟರ್ ಡ್ರಿಲ್ ಹಾಕಿ ಟೇಲ್‌ಸ್ಟಾಕ್ ಕೊಟ್ಟ. 320ರಲ್ಲೂ ಕೂಗಿಲ್ಲ. ಹತ್ತಾರು ಜಾಬ್ ಆದ ಮೇಲೆ ಮತ್ತೆ ಕೀರಲು, ಈ ಸಲ ತುದಿಯಿಂದ ಚಕ್‌ವರೆಗೂ ಒಂದೇ ಥರ, ಮೇಲ್ಮೈ ಹರಿದ ಹಾಗೆ. ಹುಡುಗ ಕೇಳದೇ ಟೂಲ್ ಬಿಚ್ಚಿ ಗ್ರೈಂಡರ್‌ಗೆ ಹೋದ. ಇದರಲ್ಲಿ ಪುಣ್ಯ ಎಲ್ಲಿ ಬಂತು ಸ್ವಾಮಿ? ಸದ್ದು ಎಲ್ಲಿ ಬರುತ್ತೆ, ವೇಗ ಬದಲಿಸಿದರೆ ಏನಾಗುತ್ತೆ, ಎರಡೇ ಪ್ರಶ್ನೆ.

"ಈಗ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಯಂತ್ರಕ್ಕೆ ಸೆನ್ಸರ್ ಇದೆ, ಕಿವಿ ಯಾಕೆ?" ಅಂತ ಬರ್ತೀರಿ, ಗೊತ್ತು. ಇರಲಿ. ಸೆನ್ಸರ್ ಅದುರುತ್ತಿದೆ ಅಂತ ದೀಪ ಹೊತ್ತಿಸಿದ ಮೇಲೂ ಟೂಲ್ ಮೊಂಡೋ, ಜಾಬ್ ಉದ್ದವೋ ಅಂತ ಯಾರಾದರೂ ಹೇಳಬೇಕಲ್ಲ. ಇನ್ನು ಆ ಚಿತ್ರದ ಕೊನೆಗೆ ಮೇಸ್ತ್ರಿ ಸದ್ದು ಕೇಳಿಯೇ "ಸೈಜ್ ಬಂತು" ಅಂತಾನೆ. ಅದಂತೂ ಶುದ್ಧ ಸುಳ್ಳು. 0.02 ಮಿ.ಮೀ. ಹೆಚ್ಚೋ ಕಮ್ಮಿಯೋ ಅಂತ ಯಾವ ಕಿವಿಗೂ ಕೇಳಿಸಲ್ಲ. ಮೈಕ್ರೋಮೀಟರ್ ಹಿಡಿಯೋಕೆ ಏನು ಕಷ್ಟವಿತ್ತೋ!