ಮಧ್ಯಾಹ್ನದ ಊಟದಿಂದ ಭಾನುವಾರದ ಕಾಫಿಗೆ

"ಮೈಸೂರಿನಿಂದ ಮ್ಯೂನಿಕ್‌ಗೆ ಬಂದು ಆರು ತಿಂಗಳಾಯ್ತು. ಆಫೀಸಿನ ಗೆಳತಿಯೊಬ್ಬಳು ತುಂಬಾ ಇಷ್ಟ ಆಗಿದ್ದಾಳೆ, ಮುಂದೇನು ಮಾಡಲಿ?"

ತಮ್ಮಾ, ನಾನು ಮಂಡ್ಯದವಳು, ಅದೇ ಊರಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ದಿನಾ ಜೊತೆಗೆ ಊಟ ಮಾಡುವುದು, 'ಡು' ಅಂತ ಏಕವಚನದಲ್ಲಿ ಮಾತಾಡುವುದು ಆಫೀಸಿನ ರೂಢಿ, ಅದನ್ನು ಒಲವು ಅಂದುಕೊಳ್ಳಬೇಡ. ಆಫೀಸಿನ ಹೊರಗೆ, ರಜೆಯ ದಿನ, ಇಬ್ಬರೇ ಸಿಗಲು ಒಪ್ಪಿದರೆ ಮಾತ್ರ ಏನೋ ಗೊತ್ತಾಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಜನ ಈಸಾರ್ ನದಿ ದಂಡೆಯಲ್ಲಿ ನಡೆಯಲು ಹೋಗುತ್ತಾರೆ, ಅಲ್ಲಿಗೇ ಕರೆ.

ನನ್ನವರು ಹಾಗೇ ಕರೆದಿದ್ದರು. ಆ ವಾರ ಆಗಲ್ಲ ಅಂದೆ, ಆದರೆ ನಾನೇ ಮುಂದಿನ ಭಾನುವಾರ ಹನ್ನೊಂದಕ್ಕೆ ಅಂತ ಹೇಳಿದೆ. ಗಮನಿಸಬೇಕಾದದ್ದು ಅದೇ. ಬೇರೆ ದಿನ ಹೇಳದೆ ಸುಮ್ನೆ 'ಕೆಲಸ ಜಾಸ್ತಿ' ಅಂದರೆ ಅದು ಬೇಡ ಅಂತಲೇ, ಮತ್ತೆ ಕೇಳಬೇಡ, ಮರುದಿನ ಊಟಕ್ಕೆ ಮೊದಲಿನ ಹಾಗೇ ಕೂತ್ಕೋ. ಎರಡನೇ ಸಲ ಸಿಕ್ಕಾಗ ಇದು ಬರೀ ಗೆಳೆತನ ಅಲ್ಲ ಅಂತ ಬಾಯಿಬಿಟ್ಟು ಹೇಳು, ಅಲ್ಲಿನವರಿಗೆ ನೇರ ಮಾತೇ ಹಿತ.

ಕಂಪನಿಯ ಭಯವೂ ಇದೆ ಅಲ್ವಾ? ಸಹೋದ್ಯೋಗಿಗಳ ಪ್ರೀತಿಗೆ ವಾಲ್‌ಮಾರ್ಟ್ ಹಾಕಿದ್ದ ನಿಷೇಧವನ್ನು 2005ರಲ್ಲಿ ಜರ್ಮನಿಯದೇ ಡ್ಯೂಸೆಲ್‌ಡಾರ್ಫ್‌ನ ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಅವಳು ನಿನ್ನ ಕೈಕೆಳಗೆ ಕೆಲಸ ಮಾಡುವವಳಾದರೆ ಕೇಳಲೇಬೇಡ, ಬೇಡ ಅನ್ನಲು ಅವಳಿಗೆ ಧೈರ್ಯ ಬರಲ್ಲ.