ಕುಮಟಾ ದಾಟದ ಸಂಬಂಧ

ನಮ್ಮ ಉತ್ತರ ಕನ್ನಡದಲ್ಲಿ ಪ್ರಶ್ನೆ ಕೇಳುವುದಕ್ಕೆ ಯಾರಿಗೂ ಸಂಕೋಚ ಇಲ್ಲ. ಶಿರಸಿಯಲ್ಲಿ ಬಸ್ಸು ಹತ್ತಿ ಕೂತರೆ ಸಾಕು, ಪಕ್ಕದ ಸೀಟಿನ ಅತ್ತೆ ಶುರು ಮಾಡುತ್ತಾರೆ. “ಯಾರ ಮನೆ ಕೂಸೆ ನೀನು? ಎಂತ ಕೆಲಸ? ಸಂಬಳ ಎಷ್ಟು? ಮದ್ವೆ ಆತಾ?” ಬಸ್ಸು ಊರು ಬಿಡುವುದರೊಳಗೆ ನಿಮ್ಮ ಗೋತ್ರ, ತೋಟ, ಅಜ್ಜನ ಮನೆಯ ವ್ಯಾಜ್ಯ ಎಲ್ಲ ಅವರ ಲೆಕ್ಕಕ್ಕೆ ಸೇರಿರುತ್ತದೆ.

ಇಂಥ ಜಿಲ್ಲೆಯಲ್ಲಿ ಹುಟ್ಟಿದ ಇಬ್ಬರಿಗೆ ತಮ್ಮಿಬ್ಬರ ನಡುವೆ ಏನಿದೆ ಎಂದು ಕೇಳಲು ಬಾಯಿ ಬರುತ್ತಿಲ್ಲ. ಇದಕ್ಕೆ ಈಗ ಸಿಚುಯೇಷನ್‌ಶಿಪ್ ಎನ್ನುತ್ತಾರೆ. ಸ್ನೇಹಕ್ಕಿಂತ ಜಾಸ್ತಿ, ಪ್ರೇಮ ಅನ್ನಲು ಧೈರ್ಯ ಸಾಲದು. ಹುಬ್ಬಳ್ಳಿ–ಅಂಕೋಲಾ ರೈಲಿನ ಹಾಗೆ. 1990ರ ದಶಕದಿಂದ ನಾವು ಆ ರೈಲಿನ ಮಾತು ಕೇಳುತ್ತಿದ್ದೇವೆ. ಸರ್ವೆ ಆಗುತ್ತದೆ, ಮತ್ತೆ ಸರ್ವೆ ಆಗುತ್ತದೆ. ರದ್ದು ಅಂತ ಯಾರೂ ಹೇಳುವುದಿಲ್ಲ, ರೈಲೂ ಬರುವುದಿಲ್ಲ.

ನಾನು ಬಲ್ಲ ಜೋಡಿಯೊಂದಿದೆ. ಹುಡುಗಿ ಶಿರಸಿಯವಳು, ಅಲ್ಲಿಯೇ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಹುಡುಗ ಕಾರವಾರದಲ್ಲಿ ಇಂಜಿನಿಯರ್. ಜನವರಿಯಲ್ಲಿ ಹೊನ್ನಾವರದ ಒಂದು ಮದುವೆಯಲ್ಲಿ ಪರಿಚಯ. ಆಮೇಲೆ ತಿಂಗಳಿಗೆ ಎರಡು ಭಾನುವಾರ ಕುಮಟಾದಲ್ಲಿ ಭೇಟಿ. ಅವಳು ದೇವಿಮನೆ ಘಟ್ಟ ಇಳಿದು ಬರುತ್ತಾಳೆ, ಅವನು ಹೆದ್ದಾರಿ ಹಿಡಿದು ಬರುತ್ತಾನೆ. ಅವಳಿಗೆ ಬನ್ಸು ಚಹಾ, ಅವನಿಗೆ ಮೀನೂಟ. ನಂತರ ಸಮುದ್ರದ ದಂಡೆಯಲ್ಲಿ ಒಂದಿಷ್ಟು ಹೊತ್ತು. ಅವನು ಘಟ್ಟ ಹತ್ತಿ ಶಿರಸಿಗೆ ಬಂದಿಲ್ಲ. ಅವಳನ್ನು ಕಾರವಾರಕ್ಕೆ ಕರೆದಿಲ್ಲ. ಎರಡೂ ಊರಲ್ಲಿ ಗುರುತಿನವರಿದ್ದಾರೆ, ಕುಮಟಾದಲ್ಲಿ ಇಲ್ಲ. ಇದು ಕಾಕತಾಳೀಯ ಎಂದು ಅವಳು ಮೂರು ತಿಂಗಳು ನಂಬಿದ್ದಳು.

ಕೇಳುವ ಬದಲು ಅವಳು ಪತ್ತೇದಾರಿಕೆಗೆ ಇಳಿದಳು. ಇದರಲ್ಲಿ ಅವಳು ಒಂಟಿಯಲ್ಲ. ಅಮೆರಿಕದ ಸಂವಹನ ಸಂಶೋಧಕರಾದ ಲೆಸ್ಲಿ ಬ್ಯಾಕ್ಸ್‌ಟರ್ ಮತ್ತು ವಿಲಿಯಂ ವಿಲ್ಮಾಟ್ 1984ರಲ್ಲಿ ಈ ಗುಟ್ಟಿನ ಪರೀಕ್ಷೆಗಳ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಮರುವರ್ಷ ಇನ್ನೊಂದು. ಜೋಡಿಗಳು ಬಾಯಿಬಿಟ್ಟು ಮಾತಾಡದ ವಿಷಯ ಯಾವುದು ಎಂದು ವಿಚಾರಿಸಿದರು. ಹಳೇ ಪ್ರೇಮ ಇರಬಹುದು, ಜಗಳ ಇರಬಹುದು ಅಂದುಕೊಳ್ಳುತ್ತೀರಿ ಅಲ್ವಾ? ಹೆಚ್ಚು ಜನ ಹೆಸರಿಸಿದ್ದು ತಮ್ಮ ಸಂಬಂಧ ಎಲ್ಲಿಗೆ ಬಂತು ಎಂಬ ವಿಷಯವನ್ನೇ. ಆಗ ಎಲ್ಲರ ಕೈಯಲ್ಲಿ ಮೊಬೈಲೂ ಇರಲಿಲ್ಲ, ನೀಲಿ ಟಿಕ್ಕೂ ಇರಲಿಲ್ಲ.

ಅವರು ಪಟ್ಟಿ ಮಾಡಿದ ಪರೀಕ್ಷೆಗಳಲ್ಲಿ ಒಂದು ದೂರ ಇದ್ದು ನೋಡುವುದು. ನಮ್ಮ ಹುಡುಗಿ ಫೆಬ್ರವರಿಯಲ್ಲಿ ಇದನ್ನು ಮಾಡಿದಳು. ತಾನಾಗಿ ಮೆಸೇಜು ಕಳಿಸುವುದನ್ನು ನಿಲ್ಲಿಸಿದಳು. ನಾಲ್ಕನೇ ದಿನ ಅವನಿಂದ “ಎಲ್ಲಿದ್ದೀಯ ಮಾರಾಯ್ತಿ?” ಎಂದು ಬಂತು. ಅವಳಿಗೆ ಸ್ವರ್ಗ. ನನಗೆ ಕೇಳಿದರೆ, ನಾಲ್ಕು ದಿನ ಅವನು ಆರಾಮಾಗಿ ಇದ್ದ ಎಂಬುದೂ ಅದರಲ್ಲೇ ಇತ್ತು. ಈ ಪರೀಕ್ಷೆಗಳ ತೊಂದರೆ ಇದೇ. ಪ್ರಶ್ನೆಪತ್ರಿಕೆ ತೆಗೆದವರೇ ಉತ್ತರ ತಿದ್ದುತ್ತಾರೆ, ಎದುರಿನವನಿಗೆ ಪರೀಕ್ಷೆ ನಡೆದದ್ದೇ ಗೊತ್ತಿರುವುದಿಲ್ಲ.

ಇನ್ನೊಂದು, ನಾಲ್ಕು ಜನರ ಎದುರು ನೋಡುವುದು. ಮಾರ್ಚಿನಲ್ಲಿ ಅದೂ ಆಯಿತು, ಯೋಜನೆ ಇಲ್ಲದೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಅವನ ಸಹೋದ್ಯೋಗಿ ಎದುರಾದ. “ಇವರು... ಪರಿಚಯದವರು, ಶಿರಸಿಯವರು” ಎಂದ ನಮ್ಮ ಹುಡುಗ. ಅರ್ಧ ಗಂಟೆ ಹಿಂದೆ “ನೀನು” ಆಗಿದ್ದವಳು ಏಕಾಏಕಿ ಬಹುವಚನಕ್ಕೆ ಬಡ್ತಿ ಪಡೆದಳು. ಮನೆಗೆ ಹೋಗುವ ದಾರಿಯಲ್ಲಿ ಗೆಳತಿಗೆ ಫೋನು ಮಾಡಿ “ಪಾಪ, ನಾಚಿಕೆ ಸ್ವಭಾವ” ಎಂದಳು.

ಹಾಗಾದರೆ ಎಷ್ಟು ದಿನ ಕಾಯಬೇಕು? ಮೂರು ತಿಂಗಳು ಎಂಬುದು ಬಾಯಿಂದ ಬಾಯಿಗೆ ಓಡಾಡುವ ಲೆಕ್ಕ. ನಿಯಮವೇನಲ್ಲ, ಆದರೆ ತೀರಾ ಪೊಳ್ಳೂ ಅಲ್ಲ. ಎರಡೇ ಭೇಟಿಗೆ ಕೇಳಿದರೆ ಎದುರಿನವರಿಗೂ ಉತ್ತರ ಗೊತ್ತಿರುವುದಿಲ್ಲ, ನಿಮಗೂ ಅವರು ಬೇಕೋ ಬೇಡವೋ ಗೊತ್ತಿರುವುದಿಲ್ಲ. ಒಂದೇ ಊರಿನಲ್ಲಿದ್ದು ವಾರಕ್ಕೆ ಮೂರು ಸಲ ಸಿಗುವವರಿಗೆ ಒಂದೂವರೆ ತಿಂಗಳೇ ಸಾಕು. ಘಟ್ಟ ಇಳಿದು ಸಿಗುವವರು ವಾರ ಎಣಿಸುವುದು ಬಿಟ್ಟು ಭೇಟಿ ಎಣಿಸುವುದು ಒಳ್ಳೆಯದು. ಆರೇಳು ಭೇಟಿಯಲ್ಲಿ ಒಬ್ಬರು ಮಾತಿಗೆ ತಕ್ಕಂತೆ ನಡೆಯುತ್ತಾರಾ, ಮುಂದಿನ ತಿಂಗಳ ಮಾತು ಎತ್ತುತ್ತಾರಾ ಎಂಬುದು ಕಾಣುತ್ತದೆ. ಒಂದು ಪ್ರಶ್ನೆ ಮಾತ್ರ ಇಷ್ಟೂ ಕಾಯಬಾರದು: “ಬೇರೆ ಯಾರನ್ನಾದರೂ ನೋಡ್ತಾ ಇದ್ದೀಯಾ?” ಮೈ ಹತ್ತಿರವಾಗುವ ಮೊದಲೇ ಅದನ್ನು ಕೇಳಬೇಕು. ಅದು ಆರೋಗ್ಯದ ವಿಷಯವೂ ಹೌದು.

ಕ್ಯಾಲೆಂಡರಿಗಿಂತ ಖಾತ್ರಿಯಾದ ಗುರುತು ಇನ್ನೊಂದಿದೆ. ಏಪ್ರಿಲ್‌ನಲ್ಲಿ ಅವಳಿಗೆ ಸಿದ್ದಾಪುರದ ಕಡೆಯಿಂದ ಒಂದು ಸಂಬಂಧ ಬಂತು. ಅಪ್ಪ ಕೇಳಿದ್ದಕ್ಕೆ “ಈಗ ಬೇಡ” ಎಂದಳು. “ಯಾಕೆ?” ಅಂದಾಗ ಉತ್ತರ ಇರಲಿಲ್ಲ. ಯಾರದೋ ಸಲುವಾಗಿ ನೀವು ಏನನ್ನಾದರೂ ಬೇಡ ಎಂದ ದಿನವೇ ಕೇಳುವ ದಿನ. ಸಂಬಂಧವೇ ಆಗಬೇಕಿಲ್ಲ, ವರ್ಗಾವಣೆ ಇರಬಹುದು, ಬೆಂಗಳೂರಿನ ಕೆಲಸ ಇರಬಹುದು. ಅಲ್ಲಿಂದ ಮುಂದೆ ಖರ್ಚು ನಿಮ್ಮದು, ಬಿಡುವಿನ ಭಾನುವಾರ ಅವರದು. ಸಮಾಜಶಾಸ್ತ್ರಜ್ಞ ವಿಲ್ಲರ್ಡ್ ವಾಲರ್ 1938ರಲ್ಲೇ ಹೇಳಿದ್ದ: ಇಬ್ಬರಲ್ಲಿ ಯಾರಿಗೆ ಆಸಕ್ತಿ ಕಡಿಮೆಯೋ ಲಗಾಮು ಅವರ ಕೈಯಲ್ಲಿರುತ್ತದೆ. ಹೆಸರಿಡದೆ ಬಿಟ್ಟರೆ ಅವರಿಗೆ ನಷ್ಟ ಇಲ್ಲ. ಅವರು ಯಾಕೆ ಮೊದಲು ಬಾಯಿ ತೆರೆಯುತ್ತಾರೆ?

ಅವಳು ಏಪ್ರಿಲ್‌ನಲ್ಲಿ ಕೇಳಲಿಲ್ಲ. ಮೇ ತಿಂಗಳಲ್ಲಿ ಕೇಳಿದಳು, ರಾತ್ರಿ ಹನ್ನೊಂದಕ್ಕೆ, ವಾಟ್ಸಾಪಿನಲ್ಲಿ: “ನಾವು ಏನು?” ಇಷ್ಟು ಕೆಟ್ಟ ಪ್ರಶ್ನೆ ಇನ್ನೊಂದಿಲ್ಲ. ಕೇಳುವವರಿಗೆ ಏನು ಬೇಕು ಎಂಬುದೇ ಅದರಲ್ಲಿ ಇಲ್ಲ. ಅವನು ನಗುವ ಮುಖ ಒಂದು ಕಳಿಸಿ “ನಿದ್ದೆ ಬರ್ತಿಲ್ವಾ?” ಎಂದ. ಅಲ್ಲಿಗೆ ಆ ಅಧಿವೇಶನ ಮುಗಿಯಿತು.

ಜೂನಿನ ಮೊದಲ ಭಾನುವಾರ ಮಳೆಯಲ್ಲಿ ಘಟ್ಟ ಇಳಿದು ಬಂದವಳು ಎದುರು ಕೂತು ಕೇಳಿದಳು. ಈ ಸಲ ಸರಿಯಾಗಿ ಕೇಳಿದಳು. “ನನಗೆ ನೀನು ಇಷ್ಟ. ಮನೆಯಲ್ಲಿ ಹೇಳುವ ಹಾಗೆ ಇದನ್ನು ಮುಂದುವರಿಸುವ ಮನಸ್ಸು ನನಗಿದೆ. ನಾಳೆಯೇ ಮದುವೆ ಅಂತಲ್ಲ. ನಿನಗೆ ಆ ಮನಸ್ಸಿದೆಯಾ?” ತನ್ನದು ಮೊದಲು ಹೇಳಿ, ಹೌದು ಅಥವಾ ಇಲ್ಲ ಎನ್ನಬಹುದಾದ ಒಂದೇ ಪ್ರಶ್ನೆ.

ಅವನು ಮೀನಿನ ಮುಳ್ಳು ಬಿಡಿಸುತ್ತ ಹೇಳಿದ, “ಈಗ ಚೆನ್ನಾಗೇ ಇದೆಯಲ್ಲ. ನೋಡೋಣ.”

ಇಂಥ ಉತ್ತರಕ್ಕೆ ತಾರೀಕು ಅಂಟಿಸದಿದ್ದರೆ ಅದು ನಿವೃತ್ತಿಯವರೆಗೂ ಬಾಳಿಕೆ ಬರುತ್ತದೆ. ಯೋಚಿಸಲು ಸಮಯ ಕೇಳುವುದು ತಪ್ಪಲ್ಲ, ಎಷ್ಟು ಎಂದು ಹೇಳದಿರುವುದು ತಪ್ಪು. ಅವನು ಹೇಳಲಿಲ್ಲ. ಅವಳೇ ಹೇಳಿದಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. “ಬೋಟು ಕಡಲಿಗೆ ಇಳಿಯುವುದರೊಳಗೆ ಹೇಳು. ಅಲ್ಲಿಯವರೆಗೆ ಕುಮಟಾ ಬೇಡ” ಎಂದು ಎದ್ದಳು. ತನ್ನ ಬಿಲ್ಲು ತಾನೇ ಕೊಟ್ಟಳು.

ಜೂನ್ ಹೋಯಿತು. ಜುಲೈ ಹೋಯಿತು. ಅವನು ಅವಳ ಪ್ರತಿ ಸ್ಟೇಟಸ್ಸನ್ನೂ ನೋಡಿದ, ಎರಡಕ್ಕೆ ಬೆಂಕಿಯ ಚಿತ್ರ ಹಾಕಿದ. ಆಗಸ್ಟ್ ಮೊದಲ ವಾರ ಬೋಟುಗಳು ಕಡಲಿಗೆ ಇಳಿದವು. ಅವನಿಂದ ಮೆಸೇಜೂ ಬಂತು. ಬುಟ್ಟಿ ತುಂಬ ಬಂಗುಡೆಯ ಫೋಟೋ. ಕೆಳಗೆ, “ಸೂಪರ್ ಫ್ರೆಶ್! ಭಾನುವಾರ ಬಾ, ತಿನ್ನುವಾ.”

ಅವಳು ಮೀನು ತಿನ್ನುವುದಿಲ್ಲ.